ಮೂರು ಪತ್ರ, ಮೂರು ಷರಾ: ಪಿಯು ಕಾಲೇಜೊಂದರ ಟಿವಿ ರಸಪ್ರಶ್ನೆ ಕೂಟದ ಪ್ರಕರಣ

ಉಡುಪಿ ಜಿಲ್ಲೆಯ ಒಂದು ವಿದ್ಯಾಸಂಸ್ಥೆ. ಒಂದೇ ಆವರಣದಲ್ಲಿ ಪ್ರೌಢಶಾಲೆಯೂ ಪದವಿಪೂರ್ವ ಕಾಲೇಜೂ ಇದೆ. ಯಾರ ಗುರುತೂ ಸಿಗಬಾರದೆಂದು ಊರು, ವ್ಯಕ್ತಿಗಳ ವಿವರಗಳನ್ನು ಬಿಟ್ಟಿದ್ದೇವೆ. ಅನುಮತಿ ಕೇಳಿ ಪ್ರಾಂಶುಪಾಲರಿಗೆ ಪತ್ರ ಬರೆದವರು ಪ್ರಥಮ ಪಿಯುಸಿಯ ಐವರು, ವಿಜ್ಞಾನ ವಿಭಾಗದ ಮೂವರು ಮತ್ತು ವಾಣಿಜ್ಯ ವಿಭಾಗದ ಇಬ್ಬರು. ಟಿವಿಯ ಇತಿಹಾಸ, ಕಾರ್ಯಕ್ರಮಗಳು, ತಂತ್ರಜ್ಞಾನ ಇವುಗಳ ಮೇಲೆ ವಾರಕ್ಕೊಮ್ಮೆ ರಸಪ್ರಶ್ನೆ ನಡೆಸುವ ಕೂಟ ಅವರ ಆಸೆ. ದ್ವಿತೀಯ ಪಿಯುಸಿಯವರಿಗೆ ಬೋರ್ಡ್ ಪರೀಕ್ಷೆ ಇರುವುದರಿಂದ ಅವರನ್ನು ಮೊದಲೇ ಕೈಬಿಟ್ಟಿದ್ದರು. ಇದು ಸರಿಯಾದ ನಿರ್ಧಾರ. ಆದರೆ ಮೊದಲ ಪತ್ರದಲ್ಲಿ ಅದನ್ನು ಬರೆಯಲೇ ಇಲ್ಲ.

ಮೊದಲ ಪತ್ರ

ಜೂನ್‌ನಲ್ಲಿ ಕೊಟ್ಟ ಪತ್ರ ಒಂದೂವರೆ ಪುಟದ್ದು. ವಿಷಯದ ಸಾಲಿನಲ್ಲಿ "ಟಿವಿ ಟ್ರಿವಿಯಾ ಕ್ಲಬ್ ಆರಂಭಿಸಲು ಅನುಮತಿ ಕೋರಿ" ಎಂದಿತ್ತು. ಮೊದಲ ಮುಕ್ಕಾಲು ಪುಟದಲ್ಲಿ ಸ್ಪರ್ಧಾತ್ಮಕ ಯುಗ, ಸಾಮಾನ್ಯ ಜ್ಞಾನ, ಸರ್ವಾಂಗೀಣ ಬೆಳವಣಿಗೆ. ಆಮೇಲೆ ಬೇಡಿಕೆಗಳು: ಪ್ರತಿ ಶನಿವಾರ ಮಧ್ಯಾಹ್ನ ಆಡಿಯೊ ವಿಷುವಲ್ ಕೋಣೆ, ಪ್ರೊಜೆಕ್ಟರ್, ಧ್ವನಿವರ್ಧಕ, ಬಹುಮಾನಕ್ಕೆ 5,000 ರೂಪಾಯಿ. 45 ನಿಮಿಷದಲ್ಲಿ 30 ಪ್ರಶ್ನೆ ಕೇಳುತ್ತೇವೆ ಎಂಬ ಸಾಲೂ ಇತ್ತು.

ಮೂರು ವಾರ ಉತ್ತರ ಬರಲಿಲ್ಲ. ಕಚೇರಿಯಲ್ಲಿ ಕೇಳಿದಾಗ ಗುಮಾಸ್ತರು ಕಡತ ತೆಗೆದು ತೋರಿಸಿದರು. ಅಂಚಿನಲ್ಲಿ ಪ್ರಾಂಶುಪಾಲರು "ಚರ್ಚಿಸಿ" ಎಂದಷ್ಟೇ ಬರೆದಿದ್ದರು. ಯಾರು ಯಾರೊಂದಿಗೆ ಚರ್ಚಿಸಬೇಕು ಎಂದು ಇರಲಿಲ್ಲ.

ಇದನ್ನು ಪ್ರಾಂಶುಪಾಲರ ಉದಾಸೀನ ಎಂದುಕೊಂಡರೆ ಪ್ರಕರಣ ಅರ್ಥವಾಗುವುದಿಲ್ಲ. ಆ ಪತ್ರಕ್ಕೆ "ಆಗಲಿ" ಎನ್ನಬೇಕಾದರೆ ಅವರು ತಾವೇ ಇನ್ನೂ ಐದು ತೀರ್ಮಾನ ಮಾಡಬೇಕಿತ್ತು. ಕೋಣೆಯ ಕೀಲಿ ಯಾರ ಕೈಯಲ್ಲಿ? ಮಕ್ಕಳು ಹೋಗುವವರೆಗೆ ನಿಲ್ಲುವ ಉಪನ್ಯಾಸಕರು ಯಾರು? ಮನೆಗೆ ಹೋಗುವ ಬಸ್ಸು ತಪ್ಪಿದರೆ? ಪರದೆಯ ಮೇಲೆ ಏನು ಬರುತ್ತದೆ? ಇದು ಮುಗಿಯುವುದು ಯಾವಾಗ? ಒಂದಕ್ಕೂ ಪತ್ರದಲ್ಲಿ ಉತ್ತರವಿಲ್ಲ. ಅದರ ಮೇಲೆ "ಟಿವಿ" ಎಂಬ ಪದ. ಮಕ್ಕಳು ಟಿವಿ ಮುಂದಿನಿಂದ ಏಳುವುದಿಲ್ಲ ಎಂಬ ದೂರನ್ನು ಪೋಷಕರ ಸಭೆಗಳಲ್ಲಿ ಕೇಳುತ್ತಲೇ ಇರುವವರ ಮೇಜಿಗೆ, ಅದೇ ಟಿವಿಗೆ ಕೋಣೆ ಕೊಡಿ ಎಂಬ ಕಾಗದ ಹೋಗಿತ್ತು. ಇಂಥ ಕಾಗದವನ್ನು ಯಾರೂ ತಿರಸ್ಕರಿಸುವುದಿಲ್ಲ, ಬದಿಗಿಡುತ್ತಾರೆ.

ಪತ್ರಕ್ಕಿಂತ ಮೊದಲು ಆಗಬೇಕಿದ್ದ ಕೆಲಸ

ಐವರು ಕನ್ನಡ ಉಪನ್ಯಾಸಕರ ಬಳಿ ಹೋದದ್ದು ಪತ್ರದ ಭಾಷೆ ತಿದ್ದಿಸಿಕೊಳ್ಳಲು. ಅವರು ಭಾಷೆಯನ್ನು ಮುಟ್ಟಲಿಲ್ಲ. ಬರೆಯುವ ಮೊದಲೇ ಮೂರು ಕೆಲಸ ಮುಗಿಸಿ ಬನ್ನಿ ಎಂದರು: ಉಸ್ತುವಾರಿಗೆ ಒಬ್ಬ ಉಪನ್ಯಾಸಕರ ಒಪ್ಪಿಗೆ, ಖಾಲಿ ಇರುವ ಒಂದು ಕೋಣೆ, ಮೊದಲ ವಾರದ ಪೂರ್ತಿ ಪ್ರಶ್ನೆ ಪಟ್ಟಿ.

ಭೌತಶಾಸ್ತ್ರದ ಉಪನ್ಯಾಸಕಿ ಉಸ್ತುವಾರಿಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಆಯಾ ವಾರದ ಪ್ರಶ್ನೆ ಮತ್ತು ಉತ್ತರ ಗುರುವಾರ ಸಂಜೆಯೊಳಗೆ ಅವರ ಕೈಗೆ ಬರಬೇಕು, ಬರದಿದ್ದರೆ ಆ ಶನಿವಾರ ಕೂಟವಿಲ್ಲ. ಮುಂದೆ ಇಡೀ ಕೂಟ ನಿಂತದ್ದು ಈ ಷರತ್ತಿನ ಮೇಲೆ. ಆಡಿಯೊ ವಿಷುವಲ್ ಕೋಣೆಯ ಆಸೆ ಬಿಟ್ಟು, ಶನಿವಾರ ತರಗತಿ ಮುಗಿದ ಮೇಲೆ ಖಾಲಿಯಾಗುವ ಒಂದು ಸಾಮಾನ್ಯ ತರಗತಿ ಕೋಣೆ ಆರಿಸಿಕೊಂಡರು. ಕಪ್ಪುಹಲಗೆ ಇದೆ, ಬೆಂಚು ಇದೆ, ಬೇರೆ ಏನೂ ಬೇಡ.

ಸಮಯದ ಲೆಕ್ಕವನ್ನು ಗಡಿಯಾರ ಹಿಡಿದು ಮಾಡಿದರು. ಪ್ರಶ್ನೆ ಓದಲು 25 ಸೆಕೆಂಡು, ಯೋಚಿಸಲು 30, ಉತ್ತರ ತಪ್ಪಾದರೆ ಮುಂದಿನ ತಂಡಗಳಿಗೆ ದಾಟಿಸಲು ಸುಮಾರು 25, ಸರಿಯುತ್ತರ ಹೇಳಿ ವಿವರಿಸಲು 40. ಒಟ್ಟು ಎರಡು ನಿಮಿಷ. ಕೂರಿಸಲು, ಅಂಕ ಬರೆಯಲು ಆರು ನಿಮಿಷ ಕಳೆದರೆ 40 ನಿಮಿಷದಲ್ಲಿ 16 ಅಥವಾ 17 ಪ್ರಶ್ನೆ ಮಾತ್ರ ಸಾಧ್ಯ. ಮೊದಲ ಪತ್ರದ 30 ಪ್ರಶ್ನೆಗೆ ಒಂದು ಗಂಟೆಗೂ ಹೆಚ್ಚು ಬೇಕಿತ್ತು, ಅಂದರೆ 12.40ಕ್ಕೆ ಶುರು ಮಾಡಿದರೆ 1.40ರ ಸರ್ವಿಸ್ ಬಸ್ಸು ತಪ್ಪುತ್ತಿತ್ತು.

ಎರಡನೆಯ ಪತ್ರ

ಹೆಸರು, ದಿನಾಂಕ ಬಿಟ್ಟು ಪತ್ರದ ಪೂರ್ಣಪಾಠ ಇಲ್ಲಿದೆ.

> ಇವರಿಂದ: ಪ್ರಥಮ ಪಿಯುಸಿಯ ಐವರು ವಿದ್ಯಾರ್ಥಿಗಳು
> ಇವರಿಗೆ: ಪ್ರಾಂಶುಪಾಲರು
> ಮೂಲಕ: ಉಸ್ತುವಾರಿ ಉಪನ್ಯಾಸಕಿ, ಭೌತಶಾಸ್ತ್ರ ವಿಭಾಗ
>
> ವಿಷಯ: ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಒಂಬತ್ತು ಶನಿವಾರಗಳ ದೂರದರ್ಶನ ರಸಪ್ರಶ್ನೆ ಕೂಟ ನಡೆಸಲು ಅನುಮತಿ ಕೋರಿ.
>
> ಮಾನ್ಯರೇ,
>
> ಮಧ್ಯವಾರ್ಷಿಕ ಪರೀಕ್ಷೆಗೆ ಎರಡು ವಾರ ಮುಂಚೆ ಮುಗಿಯುವಂತೆ, ಒಂಬತ್ತು ಶನಿವಾರ ಮಧ್ಯಾಹ್ನ 12.40ರಿಂದ 1.20ರವರೆಗೆ ದೂರದರ್ಶನದ ಇತಿಹಾಸ, ಕಾರ್ಯಕ್ರಮ ಮತ್ತು ತಂತ್ರಜ್ಞಾನದ ಕುರಿತು ರಸಪ್ರಶ್ನೆ ನಡೆಸಲು ತಮ್ಮ ಅನುಮತಿ ಕೋರುತ್ತೇವೆ.
>
> ಕೂಟದಲ್ಲಿ ಟಿವಿಯನ್ನಾಗಲಿ ಪ್ರೊಜೆಕ್ಟರನ್ನಾಗಲಿ ಬಳಸುವುದಿಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ. ನಾಲ್ವರ ಆರು ತಂಡ, ಒಟ್ಟು 24 ಮಂದಿಗೆ ಮಾತ್ರ ಅವಕಾಶ. ಕಾಲೇಜಿಗೆ ಯಾವ ಖರ್ಚೂ ಇಲ್ಲ, ಬಹುಮಾನವೂ ಇಲ್ಲ.
>
> ಉಸ್ತುವಾರಿಗೆ ಉಪನ್ಯಾಸಕಿಯವರು ಒಪ್ಪಿದ್ದಾರೆ. ಪ್ರಶ್ನೋತ್ತರಗಳನ್ನು ಗುರುವಾರವೇ ಅವರಿಗೆ ಒಪ್ಪಿಸುತ್ತೇವೆ. ದೂರದ ಬಸ್ಸಿನವರ ಪಟ್ಟಿ ಅವರ ಬಳಿ ಇರುತ್ತದೆ. ಸೇರುವವರೆಲ್ಲರ ಪೋಷಕರ ಸಹಿ ಪಡೆಯುತ್ತೇವೆ.
>
> ಒಂಬತ್ತನೆಯ ವಾರದ ನಂತರ ಒಂದು ಪುಟದ ವರದಿ ಕೊಡುತ್ತೇವೆ. ಮುಂದುವರಿಸುವುದು ತಮ್ಮ ತೀರ್ಮಾನ. ಮೊದಲ ವಾರದ 16 ಪ್ರಶ್ನೆಗಳನ್ನು ಉತ್ತರಸಹಿತ ಲಗತ್ತಿಸಿದೆ.
>
> ಇಂತಿ ತಮ್ಮ ವಿಧೇಯರು

ಸರ್ವಾಂಗೀಣ ಬೆಳವಣಿಗೆ ಮಾಯವಾಗಿದೆ. ಏನು ಬೇಕು ಎಂಬುದು ಮೊದಲ ವಾಕ್ಯದಲ್ಲೇ ಇದೆ, ಯಾವಾಗ ಮುಗಿಯುತ್ತದೆ ಎಂಬುದೂ ಅದೇ ವಾಕ್ಯದಲ್ಲಿದೆ. "ಟಿವಿಯನ್ನಾಗಲಿ ಪ್ರೊಜೆಕ್ಟರನ್ನಾಗಲಿ ಬಳಸುವುದಿಲ್ಲ" ಎಂಬುದು ಇಡೀ ಪತ್ರದಲ್ಲಿ ಹೆಚ್ಚು ಕೆಲಸ ಮಾಡಿದ ವಾಕ್ಯ. "ಮೂಲಕ" ಎಂಬ ಸಾಲಿನ ಪಕ್ಕದಲ್ಲಿ ಉಪನ್ಯಾಸಕಿಯ ಸಹಿ ಇತ್ತು. ಕಚೇರಿಯ ರೀತಿಯಲ್ಲಿ ಆ ಸಹಿ ಇದ್ದರೆ ಕಾಗದ ಶಿಫಾರಸಿನೊಂದಿಗೆ ಬಂದಂತೆ. ಅದಿಲ್ಲದ ಮೊದಲ ಪತ್ರ ಬರೀ ಮಕ್ಕಳ ಮನವಿಯಾಗಿ ಉಳಿದಿತ್ತು.

ಲಗತ್ತಿಸಿದ ಪ್ರಶ್ನೆಗಳು

ಪ್ರಾಂಶುಪಾಲರು ಮೂರನೆಯ ದಿನ ಐವರನ್ನೂ ಕರೆಸಿದರು. ಪತ್ರ ಪಕ್ಕಕ್ಕಿತ್ತು, ಕೈಯಲ್ಲಿ ಪ್ರಶ್ನೆ ಪಟ್ಟಿ ಇತ್ತು.

"ಇದ್ರಲ್ಲಿ ಟಿವಿ ಹಾಕ್ಲಿಕ್ಕೆ ಇಲ್ಲ ಅಂತ ಬರ್ದಿದ್ದೀರಿ. ಹೌದಾ?"

"ಹೌದು ಸರ್. ಪ್ರಶ್ನೆ ಕೇಳ್ಲಿಕ್ಕೆ ಮಾತ್ರ."

"ಮತ್ತೆ ಈ ಜಾಲರಿಯ ಪ್ರಶ್ನೆ ಯಾರು ಮಾಡಿದ್ದು?"

ಆ ಪ್ರಶ್ನೆ ಹೀಗಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ನೇರವಾಗಿ ಬರುತ್ತಿತ್ತು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಹಳ್ಳಿಯಲ್ಲಿ ನಿಲ್ಲಿಸಿದ ಸುಮಾರು ಮೂರು ಮೀಟರ್ ಅಗಲದ ಬಟ್ಟಲಿನಂಥ ಆಂಟೆನಾವನ್ನು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ್ದರು. ತೂತುಗಳಿರುವ ಜಾಲರಿಯಿಂದ ಸಂಕೇತ ಸೋರಿಹೋಗಲಿಲ್ಲ, ಏಕೆ?

ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗದೂರ ಸುಮಾರು 35 ಸೆಂಟಿಮೀಟರ್. ಜಾಲರಿಯ ತೂತು ಅದಕ್ಕಿಂತ ಎಷ್ಟೋ ಸಣ್ಣದು. ಅಷ್ಟು ಉದ್ದದ ತರಂಗಕ್ಕೆ ಆ ಜಾಲರಿ ತಗಡಿನ ಹಾಗೆಯೇ, ಪ್ರತಿಫಲಿಸಿ ಸಂಗಮಬಿಂದುವಿಗೆ ಕಳಿಸುತ್ತದೆ. ಜಾಲರಿ ಅಗ್ಗ, ಹಗುರ, ಗಾಳಿಗೂ ಅಷ್ಟಾಗಿ ಸಿಕ್ಕುವುದಿಲ್ಲ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಬರುವ ತರಂಗದ ಸೂತ್ರ ಗೊತ್ತಿದ್ದು, ಆವರ್ತನವನ್ನು ಸುಳಿವಾಗಿ ಕೊಟ್ಟರೆ, ಒಂದು ಧಾರಾವಾಹಿಯನ್ನೂ ನೋಡದವರು ಇದಕ್ಕೆ ಉತ್ತರಿಸಬಹುದು.

ಎರಡನೆಯ ಉದಾಹರಣೆ ಊರಿಗೆ ಹತ್ತಿರದ್ದು. ಮೊದಲ ಕರಡಿನಲ್ಲಿ "ಮಾಲ್ಗುಡಿ ಡೇಸ್ ಪ್ರಸಾರವಾದ ವರ್ಷ ಯಾವುದು?" ಎಂದಿತ್ತು. ಕೆಲವು ಕಡೆ 1986, ಕೆಲವು ಕಡೆ 1987 ಎಂದು ಸಿಕ್ಕಿದ್ದರಿಂದ ಉಪನ್ಯಾಸಕಿ ಹೊಡೆದುಹಾಕಿದರು. ಅದರ ಜಾಗಕ್ಕೆ ಬಂದದ್ದು: "ಆರ್. ಕೆ. ನಾರಾಯಣ್ ಕಲ್ಪಿಸಿದ ಊರೊಂದನ್ನು ಶಂಕರ್ ನಾಗ್ ಟಿವಿಗೆ ತಂದಾಗ, ನಮ್ಮ ಜಿಲ್ಲೆಯಿಂದ ಘಾಟಿ ಹತ್ತಿದರೆ ಸಿಗುವ, ಮಳೆಗೆ ಹೆಸರಾದ ಊರೇ ಆ ಊರಾಯಿತು. ಯಾವುದು?" ಆಗುಂಬೆ. ವರ್ಷ ಕೇಳಿದ ಪ್ರಶ್ನೆ ಗೊತ್ತಿದ್ದವನಿಗೆ ಮಾತ್ರ. ಈ ಪ್ರಶ್ನೆಯಲ್ಲಿ ಮೂರು ಸುಳಿವುಗಳಿವೆ, ತಂಡ ತಲೆ ಸೇರಿಸಿ ಯೋಚಿಸಿದರೆ ದಾರಿ ಸಿಗುತ್ತದೆ. ಉತ್ತರದಲ್ಲಿ ತಕರಾರೂ ಇಲ್ಲ.

ಪತ್ರ ಎಷ್ಟೇ ಚೆನ್ನಾಗಿದ್ದರೂ "ಟಿವಿ ರಸಪ್ರಶ್ನೆ" ಎಂದರೆ ಯಾವ ನಟಿ ಯಾವ ಧಾರಾವಾಹಿ ಎಂಬ ಚಿತ್ರವೇ ಓದುವವರ ಮನಸ್ಸಿಗೆ ಬರುತ್ತದೆ. ಅದನ್ನು ವಿವರಣೆಯಿಂದ ಅಳಿಸಲಾಗುವುದಿಲ್ಲ, ಪ್ರಶ್ನೆಯನ್ನೇ ತೋರಿಸಬೇಕು. ದೂರದರ್ಶನ ಚಂದನದ 'ಥಟ್ ಅಂತ ಹೇಳಿ'ಯ ಹಾಗೆಯಾ ಎಂದು ಪ್ರಾಂಶುಪಾಲರೇ ಕೇಳಿದರು. ಆ ಕಾರ್ಯಕ್ರಮದಲ್ಲಿ ಸರಿಯುತ್ತರ ಹೇಳಿದವರಿಗೆ ಪುಸ್ತಕ ಕೊಡುವುದು ಅವರಿಗೆ ಗೊತ್ತಿತ್ತು. ಅಲ್ಲಿಗೆ ಮಾತಿನ ದಿಕ್ಕು ಬದಲಾಯಿತು. ಷರಾ ಬಿತ್ತು: "ಒಂಬತ್ತು ವಾರಕ್ಕೆ ಮಾತ್ರ ಅನುಮತಿಸಿದೆ. 1.20 ಮೀರಬಾರದು."

ನಡೆದದ್ದು

ಮೊದಲ ವಾರ ಚೆನ್ನಾಗಿ ಸಾಗಿತು. ಎರಡನೆಯ ವಾರ ಗಲಾಟೆ. ಆರೂ ತಂಡ ಚೀಟಿಯಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸುವ ಸುತ್ತಿನಲ್ಲಿ ಕೇಳಿದ ಪ್ರಶ್ನೆ "ಭಾರತದಲ್ಲಿ ದೂರದರ್ಶನ ಆರಂಭವಾದದ್ದು ಯಾವಾಗ?" ಎಂಬುದು. ಚೀಟಿಗಳಲ್ಲಿ ಮೂರು ಉತ್ತರ ಬಂತು: 1959, 1965, 1976. ನಡೆಸುವವರು 1959ಕ್ಕೆ ಅಂಕ ಕೊಟ್ಟರು. ಉಳಿದವರು ಎದ್ದು ನಿಂತರು.

ಮೂರಕ್ಕೂ ಆಧಾರವಿದೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥ ಪ್ರಸಾರ ಶುರುವಾಯಿತು. ದಿನನಿತ್ಯದ ಪ್ರಸಾರ ಆರಂಭವಾದದ್ದು 1965ರಲ್ಲಿ. ಅಲ್ಲಿಯವರೆಗೂ ಆಮೇಲೂ ಟಿವಿ ಆಕಾಶವಾಣಿಯ ಒಂದು ಭಾಗವೇ ಆಗಿತ್ತು, ದೂರದರ್ಶನ ಬೇರೆ ಸಂಸ್ಥೆಯಾದದ್ದು 1976ರಲ್ಲಿ. ತಪ್ಪಿದ್ದು "ಆರಂಭ" ಎಂಬ ಪದದಲ್ಲಿ. ಅದರ ಜತೆಗೆ "ದೂರದರ್ಶನ" ಎಂದರೆ ಮಾಧ್ಯಮವೋ ಸಂಸ್ಥೆಯೋ ಎಂಬುದನ್ನೂ ಪ್ರಶ್ನೆ ಹೇಳಿರಲಿಲ್ಲ. ವಾದಕ್ಕೆ 12 ನಿಮಿಷ ಹೋಯಿತು, 16ರ ಬದಲು ಹತ್ತೇ ಪ್ರಶ್ನೆ ಮುಗಿದವು, ಸದ್ದು ಸ್ಟಾಫ್ ರೂಮಿನವರೆಗೂ ಕೇಳಿತು.

ಸೋಮವಾರ ಉಪನ್ಯಾಸಕಿ ಐವರನ್ನು ಕೂರಿಸಿಕೊಂಡು ಆ ಪ್ರಶ್ನೆಯನ್ನೇ ತಿದ್ದಿಸಿದರು: "1959ರಲ್ಲಿ ದೆಹಲಿಯಲ್ಲಿ ಟಿವಿಯ ಪ್ರಯೋಗಾರ್ಥ ಪ್ರಸಾರ ಶುರುವಾದಾಗ ಅದು ಯಾವ ಸಂಸ್ಥೆಯ ಭಾಗವಾಗಿತ್ತು?" ಉತ್ತರ ಒಂದೇ, ಆಕಾಶವಾಣಿ. ಅಂದಿನಿಂದ ಗುರುವಾರದ ಪರಿಶೀಲನೆ ಬೇರೆಯಾಯಿತು. ಉತ್ತರ ಸರಿಯೇ ಎಂದು ನೋಡಿದರೆ ಸಾಲದು, ಈ ಪ್ರಶ್ನೆಗೆ ಇನ್ನೊಂದು ಸರಿಯುತ್ತರ ಇರಬಹುದೇ ಎಂದು ಹುಡುಕಬೇಕು. ಮೊದಲು, ಆರಂಭ, ಅತಿ ಹೆಚ್ಚು, ಜನಪ್ರಿಯ ಎಂಬ ಪದ ಇರುವ ಪ್ರಶ್ನೆಗಳನ್ನು ಬದಿಗೆ ತೆಗೆದು ಎರಡು ಬಾರಿ ಓದುತ್ತಿದ್ದರು. ತೀರ್ಪಿನ ಮೇಲೆ ತಕರಾರು ಇದ್ದರೆ ಚೀಟಿಯಲ್ಲಿ ಬರೆದು ಕೊಡಬೇಕು, ಉತ್ತರ ಮುಂದಿನ ವಾರ ಎಂಬ ನಿಯಮವೂ ಬಂತು. ಅದಾದ ಮೇಲೆ ಯಾವ ವಾರವೂ ಸಮಯ ಮೀರಲಿಲ್ಲ.

ಮೂರನೆಯ ವಾರ ಕಂಡದ್ದು ಇದಕ್ಕಿಂತ ಗಂಭೀರವಾದದ್ದು, ಸದ್ದಿಲ್ಲದ ತಪ್ಪು. ಅಂಕಪಟ್ಟಿ ನೋಡಿದರೆ ಒಂದು ತಂಡ ಈಗಿನ ರಿಯಾಲಿಟಿ ಶೋ ಮತ್ತು ಧಾರಾವಾಹಿಗಳ ಪ್ರಶ್ನೆಗಳಲ್ಲಿ ಸತತ ಸೊನ್ನೆ. ಆ ನಾಲ್ವರೂ ಹಾಸ್ಟೆಲಿನವರು. ಹಾಸ್ಟೆಲಿನಲ್ಲಿ ಟಿವಿ ಇಲ್ಲ. ಇನ್ನೊಂದು ತಂಡದಲ್ಲಿ ಮನೆಯಲ್ಲಿ ಮಲಯಾಳ ಚಾನೆಲ್ ಮಾತ್ರ ನೋಡುವ ಇಬ್ಬರಿದ್ದರು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಮನೆಮಾತಿನವರೂ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಕರಾವಳಿಯ ತರಗತಿಯಲ್ಲಿ "ಎಲ್ಲರೂ ನೋಡಿದ ಕಾರ್ಯಕ್ರಮ" ಎಂಬುದಿಲ್ಲ. ಗೆಳೆಯರೇ ತಂಡ ಕಟ್ಟಿಕೊಂಡಿದ್ದರಿಂದ ಈ ವ್ಯತ್ಯಾಸ ತಂಡ ತಂಡಗಳ ನಡುವಿನ ಗೋಡೆಯಾಗಿತ್ತು. ನಾಲ್ಕನೆಯ ವಾರ ಚೀಟಿ ಎತ್ತಿ ತಂಡಗಳನ್ನು ಕಲಸಿದರು. ನೋಡಿದವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ 16ರಲ್ಲಿ ನಾಲ್ಕನ್ನು ಮೀರಬಾರದು ಎಂದು ಮಿತಿ ಹಾಕಿದರು. ಇದು ಮೊದಲ ದಿನವೇ ಆಗಬೇಕಿತ್ತು. ಎರಡು ವಾರ ಆ ನಾಲ್ವರು ಸುಮ್ಮನೆ ಕೂತು ಎದ್ದು ಹೋದದ್ದನ್ನು ಅಂಕಪಟ್ಟಿ ಹೇಳುವವರೆಗೂ ಯಾರೂ ಗಮನಿಸಿರಲಿಲ್ಲ.

ಪ್ರಶ್ನೆ ದಾಟಿಸುವ ಕ್ರಮದಲ್ಲೂ ಒಂದು ಓರೆ ಇತ್ತು. ಒಂದೇ ದಿಕ್ಕಿನಲ್ಲಿ ದಾಟಿಸಿದರೆ, ಉತ್ತರ ಬಾರದ ತಂಡದ ಪಕ್ಕದಲ್ಲಿ ಕೂತವರಿಗೆ ಪ್ರತಿ ಬಾರಿಯೂ ಮೊದಲ ಅವಕಾಶ. ಮೊದಲ ಆರು ಪ್ರಶ್ನೆ ಎಡದಿಂದ ಬಲಕ್ಕೆ, ಮುಂದಿನ ಆರು ಬಲದಿಂದ ಎಡಕ್ಕೆ, ಕೊನೆಯ ನಾಲ್ಕು ಎಲ್ಲರೂ ಬರೆಯುವುದು ಎಂದು ಮಾಡಿದ ಮೇಲೆ ಅದು ಬಹುಮಟ್ಟಿಗೆ ಸರಿಹೋಯಿತು.

ಇನ್ನು ಮಳೆ. ಭಾರೀ ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟರೆ, ಆ ಪಾಠದ ದಿನಗಳನ್ನು ತುಂಬಿಸಲು ಶನಿವಾರ ಮಧ್ಯಾಹ್ನವೂ ತರಗತಿ ನಡೆಯುತ್ತದೆ. ಕರಾವಳಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಪತ್ರದಲ್ಲಿ ಒಂದು ಮಾತಿಲ್ಲ. ಮೂರು ಶನಿವಾರ ಹೀಗೆ ಹೋದವು. ವಿದ್ಯಾರ್ಥಿಗಳು ವಾರದ ನಡುವೆ ಸಂಜೆ ನಡೆಸಲು ಕೇಳಿದರು. ಪ್ರಾಂಶುಪಾಲರು ಒಪ್ಪಲಿಲ್ಲ. ಅನುಮತಿ ಇದ್ದದ್ದು ಶನಿವಾರಕ್ಕೆ, ಪೋಷಕರು ಸಹಿ ಹಾಕಿದ್ದೂ ಶನಿವಾರಕ್ಕೆ. ನ್ಯಾಯವಾದ ಮಾತೇ. ಒಂಬತ್ತರಲ್ಲಿ ಆರು ವಾರ ಮಾತ್ರ ನಡೆಯಿತು.

ವರದಿ ಮತ್ತು ಮೂರನೆಯ ಪತ್ರ

ಮಾತು ಕೊಟ್ಟಂತೆ ಒಂದು ಪುಟದ ವರದಿ ಹೋಯಿತು. ನಡೆದ ವಾರ ಆರು, ಕೇಳಿದ ಪ್ರಶ್ನೆ 90, ಮೊದಲ ದಿನ 24 ಮಂದಿ, ಕೊನೆಯ ದಿನ 19. ಬಿಟ್ಟ ಐವರಲ್ಲಿ ನಾಲ್ವರು ದೂರದ ಬಸ್ಸಿನವರು. 1.20ಕ್ಕೆ ಬಿಟ್ಟರೂ ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆಯಲು ಅವರಿಗೆ 20 ನಿಮಿಷ ಸಾಲುತ್ತಿರಲಿಲ್ಲ. ಎರಡನೆಯ ವಾರದ ಗಲಾಟೆಯನ್ನು ವರದಿಯಲ್ಲಿ ಮುಚ್ಚಿಡಲಿಲ್ಲ, ಕಾರಣವನ್ನೂ ತಿದ್ದಿದ ಪ್ರಶ್ನೆಯನ್ನೂ ಬರೆದರು. ಸ್ಟಾಫ್ ರೂಮಿನಲ್ಲಿ ಕೇಳಿಸಿದ್ದ ಸದ್ದಿನ ವಿಚಾರವನ್ನು ವರದಿಯಲ್ಲಿ ಬಿಟ್ಟಿದ್ದರೆ ಮುಂದಿನ ಮಾತೆಲ್ಲ ಅದರ ಸುತ್ತಲೇ ಆಗುತ್ತಿತ್ತು.

ಮಧ್ಯವಾರ್ಷಿಕ ಪರೀಕ್ಷೆಯ ನಂತರ ಕೊಟ್ಟ ಮೂರನೆಯ ಪತ್ರ ಅರ್ಧ ಪುಟದ್ದು. ಮಳೆಗಾಲ ಮುಗಿದಿದ್ದರೂ ಅದರಲ್ಲಿ ಹೊಸ ಸಾಲೊಂದಿತ್ತು: "ಶನಿವಾರ ಪೂರ್ಣ ದಿನ ತರಗತಿ ಇದ್ದರೆ ಆ ವಾರದ ಕೂಟ ರದ್ದು, ಬದಲಿ ದಿನ ಕೇಳುವುದಿಲ್ಲ." ಸಮಯ 1.20ರ ಬದಲು 1.15ಕ್ಕೆ ಇಳಿದಿತ್ತು, ಪ್ರಶ್ನೆ 16ರಿಂದ 14ಕ್ಕೆ. ತಂಡಗಳನ್ನು ಪ್ರತಿ ಮೂರನೆಯ ವಾರ ಚೀಟಿ ಎತ್ತಿ ಬದಲಿಸುತ್ತೇವೆ ಎಂದಿತ್ತು. ಬಹುಮಾನದ ಮಾತು ಈ ಬಾರಿಯೂ ಇರಲಿಲ್ಲ.

ಮರುದಿನವೇ ಕಾಗದ ಕಚೇರಿಯಿಂದ ಹಿಂದಿರುಗಿತು. ಷರಾ ಎರಡು ಸಾಲಿನದು: "ಅನುಮತಿಸಿದೆ. ಕೊನೆಯ ವಾರ ಗೆದ್ದ ತಂಡಕ್ಕೆ ನಾಲ್ಕು ಪುಸ್ತಕ, ಗ್ರಂಥಪಾಲಕರು ಗಮನಿಸುವುದು."